ಗಾಣದ ಎಣ್ಣೆ ಕಂಪನಿಗೆ ಹೂಡಿಕೆ: ಯೋಜನೆಯಲ್ಲಿ ಬರೆದ ಮಾತಿಗೆ ಯಾವ ಕಾಗದ ಕೇಳುತ್ತಾರೆ?

ಪ್ರಶ್ನೆ (ಚಳ್ಳಕೆರೆಯಿಂದ):
ನಾವು ದಂಪತಿ ಚಳ್ಳಕೆರೆಯ ಹತ್ತಿರ ಮರದ ಗಾಣದ ಶೇಂಗಾ ಮತ್ತು ಕುಸುಬೆ ಎಣ್ಣೆ ತಯಾರಿಸುತ್ತೇವೆ. ಮೂರು ವರ್ಷದ ಪ್ರೈವೇಟ್ ಲಿಮಿಟೆಡ್ ಕಂಪನಿ. ಬೆಂಗಳೂರಿನ ಹೂಡಿಕೆದಾರರ ಗುಂಪೊಂದು ನಮ್ಮ ಯೋಜನೆಯನ್ನು ಮೆಚ್ಚಿ, ಇನ್ನು ಡ್ಯೂ ಡಿಲಿಜೆನ್ಸ್, ಅಂದರೆ ಹಣ ಹಾಕುವ ಮೊದಲಿನ ಪರಿಶೀಲನೆ, ನಡೆಯಲಿದೆ ಎಂದಿದೆ. ಯೋಜನೆಯಲ್ಲಿ ನಾವು ಹೇಳಿರುವುದು ಮೂರು ಮಾತು: ತಿಂಗಳಿಗೆ 12 ಲಕ್ಷ ರೂಪಾಯಿ ಮಾರಾಟ, ಶೇ. 45 ಗ್ರಾಹಕರಿಂದ ಮರುಖರೀದಿ, ಎಲ್ಲ ಎಣ್ಣೆಯೂ ನಮ್ಮದೇ ಗಾಣದ್ದು. ಇದನ್ನು ಹಾದು ಬಂದವರು ಯಾವ ಪ್ರಶ್ನೆ ಎದುರಿಸಿದಿರಿ, ಮೊದಲೇ ಏನು ಸಿದ್ಧವಿಟ್ಟುಕೊಳ್ಳಬೇಕಿತ್ತು ಎನಿಸಿತು, ದಯವಿಟ್ಟು ತಿಳಿಸಿ.

ದಾವಣಗೆರೆಯ ಚಾರ್ಟರ್ಡ್ ಅಕೌಂಟೆಂಟ್:
ಹೂಡಿಕೆದಾರರ ಪರವಾಗಿ ಇಂತಹ ಪರಿಶೀಲನೆಯನ್ನು ನಾನು ಹಲವು ಬಾರಿ ಮಾಡಿದ್ದೇನೆ. ನಾವು ಮೊದಲು ಕೈ ಹಾಕುವುದು ಮಾರಾಟದ ಅಂಕಿಗೆ. ಅದು ಸುಳ್ಳೆಂಬ ಗುಮಾನಿಯಿಂದಲ್ಲ, ಉಳಿದ ಅಂಕಿಗಳೆಲ್ಲ ಅದರ ಮೇಲೆ ನಿಂತಿರುವುದರಿಂದ. ಆ 12 ಲಕ್ಷ ಯಾವ ತಿಂಗಳಿನದು, ಎಲ್ಲಿಂದ ಎತ್ತಿಕೊಂಡದ್ದು ಎಂದು ನೀವು ಬರೆದಿಲ್ಲ. ನನ್ನ ಅನುಭವದಲ್ಲಿ ಇಂತಹ ದುಂಡು ಅಂಕಿ ಸಾಮಾನ್ಯವಾಗಿ ವೆಬ್‌ಸೈಟಿನ ಡ್ಯಾಶ್‌ಬೋರ್ಡಿನಿಂದ ಅಥವಾ ಮಾಲೀಕರೇ ಬರೆದಿಟ್ಟ ಎಕ್ಸೆಲ್ ಹಾಳೆಯಿಂದ ಬಂದಿರುತ್ತದೆ.

ಒಂದು ಉದಾಹರಣೆಯಾಗಿ ನಿಮ್ಮ 12 ಲಕ್ಷವನ್ನೇ ಬಿಡಿಸೋಣ. ವೆಬ್‌ಸೈಟಿನಲ್ಲಿ 4,20,000, ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ 3,80,000, ಅಂಗಡಿಗಳಿಗೆ ಕೊಟ್ಟದ್ದು 4,00,000 ಎಂದಿಟ್ಟುಕೊಳ್ಳಿ. ಮೊದಲು ರದ್ದಾದ ಆರ್ಡರುಗಳನ್ನೂ ಮನೆಬಾಗಿಲಿಗೆ ಹೋಗಿ ವಾಪಸಾದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ಗಳನ್ನೂ ತೆಗೆಯುತ್ತೇವೆ. ವೆಬ್‌ಸೈಟಿನಲ್ಲಿ 35,000, ತಾಣಗಳಲ್ಲಿ 40,000 ಹೋದರೆ ಉಳಿಯುವುದು 11,25,000. ಆಮೇಲೆ ಅಂಗಡಿಗಳ ಬಾಬತ್ತು: ‘ಮಾರಾಟವಾದರೆ ಹಣ ಕೊಡಿ, ಇಲ್ಲವಾದರೆ ಡಬ್ಬ ವಾಪಸ್ ಕೊಡಿ’ ಎಂದು ಇಟ್ಟು ಬಂದ ಮಾಲು 1,50,000 ಇದ್ದರೆ ಅದು ಇನ್ನೂ ನಿಮ್ಮದೇ ದಾಸ್ತಾನು, ಮಾರಾಟವಲ್ಲ. ಅದನ್ನೂ ತೆಗೆದರೆ 9,75,000. ಡಬ್ಬದ ಬೆಲೆಯಲ್ಲಿ ಶೇ. 5 ಜಿಎಸ್‌ಟಿ ಸೇರಿರುತ್ತದೆ. ಅದು ಸರ್ಕಾರದ ಹಣ. 1.05ರಿಂದ ಭಾಗಿಸಿದರೆ ನಿಜವಾದ ಮಾರಾಟ ಸುಮಾರು 9,28,500 ರೂಪಾಯಿ. ಯಾರೂ ಸುಳ್ಳು ಹೇಳಿಲ್ಲ, ಆದರೂ ಎರಡೂಮುಕ್ಕಾಲು ಲಕ್ಷ ಕರಗಿತು. ಇದನ್ನು ನೀವೇ ಮೊದಲು ಕಂಡುಕೊಂಡಿದ್ದರೆ ಅದು ಲೆಕ್ಕದ ವಿಚಾರವಾಗಿ ಮುಗಿಯುತ್ತದೆ. ನಾನು ಕಂಡುಹಿಡಿದರೆ ನಂಬಿಕೆಯ ವಿಚಾರವಾಗುತ್ತದೆ.

ಈ ಅಂಕಿಯನ್ನು ನಾವು ಮೂರು ಕಡೆ ತಾಳೆ ನೋಡುತ್ತೇವೆ. ಜಿಎಸ್‌ಟಿಆರ್-1 ಮತ್ತು 3ಬಿ ರಿಟರ್ನ್‌ಗಳಿಗೆ ತೂಕವಿದೆ, ಆದರೆ ಅವೂ ನೀವೇ ಬರೆದು ಸಲ್ಲಿಸಿದವು. ಹಾಗಾಗಿ ಬೇರೆಯವರು ಬರೆದ ದಾಖಲೆ ನಮಗೆ ಹೆಚ್ಚು ಬೇಕಾಗುತ್ತದೆ. ಮಾರುಕಟ್ಟೆ ತಾಣಗಳು ನಿಮ್ಮ ಮಾರಾಟದ ಮೇಲೆ ಜಿಎಸ್‌ಟಿಯ ಅಡಿ ಶೇ. 0.5ನ್ನು ಟಿಸಿಎಸ್ ಎಂಬ ತೆರಿಗೆಯಾಗಿ ಹಿಡಿದು ತಮ್ಮ ರಿಟರ್ನ್‌ನಲ್ಲಿ ತೋರಿಸುತ್ತವೆ. ಅವು ಹಿಡಿದ ಆದಾಯ ತೆರಿಗೆಯ ಟಿಡಿಎಸ್ ಇಲಾಖೆ ಇಡುವ ನಿಮ್ಮ ತೆರಿಗೆ ಜಮಾ ಪಟ್ಟಿಯಲ್ಲಿ ಕಾಣುತ್ತದೆ. ಮೂರನೆಯದು ಬ್ಯಾಂಕ್ ಸ್ಟೇಟ್‌ಮೆಂಟ್. ಇಲ್ಲೊಂದು ತಪ್ಪು ಸಾಮಾನ್ಯ: ತಾಣವು ಕಮಿಷನ್, ಸಾಗಣೆ, ತೆರಿಗೆಗಳನ್ನೆಲ್ಲ ಮುರಿದುಕೊಂಡು ಉಳಿದದ್ದನ್ನು ಜಮಾ ಮಾಡುವುದರಿಂದ, ಬ್ಯಾಂಕಿಗೆ ಬಂದ ಹಣವನ್ನೇ ಮಾರಾಟವೆಂದು ಬರೆಯುವವರಿದ್ದಾರೆ. ಅದು ಮಾರಾಟವನ್ನೂ ಖರ್ಚನ್ನೂ ಒಟ್ಟಿಗೆ ಕಡಿಮೆ ತೋರಿಸುತ್ತದೆ, ಲಾಭಾಂಶದ ಶೇಕಡಾವಾರು ಮಾತ್ರ ಸುಮ್ಮನೆ ಚೆನ್ನಾಗಿ ಕಾಣುತ್ತದೆ. ತಿಂಗಳುವಾರು ಸೆಟಲ್‌ಮೆಂಟ್ ವರದಿಗಳನ್ನು ಈಗಲೇ ಇಳಿಸಿಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ಬೇಡ, ತಾಣ ಕೊಟ್ಟ ಮೂಲ ಕಡತವೇ ಇರಲಿ.

ಇನ್ನೊಂದು ಮಾತು. ಅಂಗಡಿಗೆ ಇಟ್ಟ ಮಾಲಿಗೂ ಇನ್‌ವಾಯ್ಸ್ ಹರಿದು ಮಾರಾಟವೆಂದು ತೋರಿಸಿದ್ದರೆ, ಎರಡು ಮೂರು ತಿಂಗಳ ನಂತರ ಕ್ರೆಡಿಟ್ ನೋಟ್‌ಗಳು ಸಾಲುಸಾಲಾಗಿ ಬರುತ್ತವೆ. ನಾನು ಯೋಜನೆ ತೋರಿಸುವ ತಿಂಗಳಿಗಿಂತ ಅದರ ಮುಂದಿನ ಮೂರು ತಿಂಗಳ ಕ್ರೆಡಿಟ್ ನೋಟ್‌ಗಳನ್ನೇ ಮೊದಲು ನೋಡುತ್ತೇನೆ. ಅಂತಹ ಮಾಲನ್ನು ಡೆಲಿವರಿ ಚಲನ್ ಮೇಲೆ ಕಳಿಸಿ, ಅಂಗಡಿಯವರು ಒಪ್ಪಿಕೊಂಡಾಗ, ಅಥವಾ ಆರು ತಿಂಗಳಾದಾಗ, ಯಾವುದು ಮೊದಲೋ ಆಗ ಇನ್‌ವಾಯ್ಸ್ ಮಾಡುವುದು ಕ್ರಮ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಿ:
ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಆಡಿಟ್ ಆದ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಇದ್ದರೆ ಹಿಂದಿನ ಲೆಕ್ಕ ಸಿದ್ಧವಾದಂತೆಯೇ. ಆದರೆ ಗೋಪ್ಯತಾ ಒಪ್ಪಂದಕ್ಕೆ ಸಹಿ ಬೀಳದೆ ಒಂದು ಹಾಳೆಯನ್ನೂ ಕೊಡಬೇಡಿ. ನಮ್ಮ ಗ್ರಾಹಕರ ಪಟ್ಟಿ ಪಡೆದ ಒಬ್ಬ ಹೂಡಿಕೆದಾರರು ಕೊನೆಗೆ ಹಣವನ್ನೂ ಹಾಕಲಿಲ್ಲ, ಆ ಪಟ್ಟಿ ಎಲ್ಲಿ ಹೋಯಿತೋ ಇಂದಿಗೂ ಗೊತ್ತಿಲ್ಲ.

ದಾವಣಗೆರೆಯ ಚಾರ್ಟರ್ಡ್ ಅಕೌಂಟೆಂಟ್:
ಗ್ರಾಹಕರ ಪಟ್ಟಿಯ ಬಗ್ಗೆ ನೀವು ಹೇಳಿದ್ದು ಸರಿ. ಹೆಸರು, ಫೋನ್ ನಂಬರು ತೆಗೆದು ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ ಕೊಟ್ಟು ಕಳಿಸಿದರೆ ಪರಿಶೀಲನೆಗೆ ಏನೂ ಕೊರತೆಯಾಗದು. ಮೊದಲ ಭೇಟಿಯಲ್ಲಿ ಗೋಪ್ಯತಾ ಒಪ್ಪಂದ ಕೇಳಿದರೆ ಅನೇಕರು ಸಹಿ ಹಾಕುವುದಿಲ್ಲ. ಹೂಡಿಕೆಯ ಮುಖ್ಯ ಷರತ್ತುಗಳನ್ನು ಬರೆದ ಟರ್ಮ್ ಶೀಟ್ ಆದ ಮೇಲೆ ಕೇಳುವುದು ವಾಡಿಕೆ, ಕೊಡುತ್ತಾರೆ.

ಆದರೆ ಬ್ಯಾಲೆನ್ಸ್ ಶೀಟ್ ಸಾಲದು. ಅದು ಮಾರ್ಚ್ 31ಕ್ಕೆ ನಿಲ್ಲುತ್ತದೆ, ಯೋಜನೆಯ ಅಂಕಿಗಳು ಅದರ ನಂತರದ ತಿಂಗಳುಗಳವು. ಮೇಲಾಗಿ, ಮರುಖರೀದಿ ಎಷ್ಟು, ಎಣ್ಣೆ ಯಾರ ಗಾಣದ್ದು ಎಂಬುದಕ್ಕೆ ಆಡಿಟರ್ ಸಹಿ ಹಾಕಿರುವುದಿಲ್ಲ.

ಹಾಸನದಿಂದ ಒಬ್ಬರು:
ನಮಸ್ಕಾರ. ನಾನು ಹಿಟ್ಟಿನ ಗಿರಣಿಗೆ ಬ್ಯಾಂಕಿನಿಂದ ಸಾಲ ಪಡೆದಾಗ ಐದು ವರ್ಷದ ಪ್ರಾಜೆಕ್ಟ್ ರಿಪೋರ್ಟ್, ಯಂತ್ರಗಳ ಕೊಟೇಶನ್, ಜಾಗದ ಪಹಣಿ, ಜಾಮೀನುದಾರರ ಆದಾಯ ದಾಖಲೆ ಕೇಳಿದ್ದರು. ರಿಪೋರ್ಟನ್ನು ಜಿಲ್ಲಾ ಕೈಗಾರಿಕಾ ಕೇಂದ್ರದ ಹತ್ತಿರ ಬರೆದುಕೊಡುವವರಿದ್ದಾರೆ. ಅದನ್ನು ಮಾಡಿಸಿ ಕೊಟ್ಟರೆ ತಮ್ಮ ಕೆಲಸ ಸಲೀಸಾಗಿ ಆಗುತ್ತದೆ.

ಪ್ರಶ್ನೆ ಕೇಳಿದವರು:
ತಮಗೆ ಧನ್ಯವಾದ. ನಮ್ಮದು ಸಾಲವಲ್ಲ, ಅವರು ಷೇರು ಪಡೆಯುತ್ತಾರೆ. ಜಾಮೀನಿನ ಮಾತು ಬಂದಿಲ್ಲ. ಅಕೌಂಟೆಂಟ್ ಸರ್, ನಮ್ಮ 12 ಲಕ್ಷ ದೀಪಾವಳಿ ಬಂದ ತಿಂಗಳ ಡ್ಯಾಶ್‌ಬೋರ್ಡ್ ಅಂಕಿ ಎಂದು ಒಪ್ಪಿಕೊಳ್ಳುತ್ತೇನೆ. ಅದನ್ನೇ ಹನ್ನೆರಡರಿಂದ ಗುಣಿಸಿ ವರ್ಷಕ್ಕೆ 1.44 ಕೋಟಿ ಎಂದೂ ಇನ್ನೊಂದು ಪುಟದಲ್ಲಿ ಬರೆದಿದ್ದೇವೆ. ಈಗ ಬರೆಯುವಾಗ ಕೈ ನಡುಗುತ್ತಿದೆ.

ಹೂಡಿಕೆ ಸಂಸ್ಥೆಯೊಂದರಲ್ಲಿ ಹಿಂದೆ ಕೆಲಸ ಮಾಡಿದವರು, ಈಗ ಮೈಸೂರು:
ದೀಪಾವಳಿಯ ತಿಂಗಳಿನದು ಎಂದು ಪಕ್ಕದಲ್ಲಿ ಬರೆದು, ಹಿಂದಿನ ಹನ್ನೆರಡು ತಿಂಗಳ ಅಂಕಿಯನ್ನೂ ಕೊಟ್ಟುಬಿಡಿ. ಹಬ್ಬದ ತಿಂಗಳಲ್ಲಿ ಎಣ್ಣೆ ಹೆಚ್ಚು ಹೋಗುತ್ತದೆ ಎಂಬುದು ಹೂಡಿಕೆದಾರರಿಗೂ ಗೊತ್ತಿದೆ.

ನಾನು ಹೇಳಬೇಕೆಂದಿರುವುದು ನಿಮ್ಮ ಮೂರನೆಯ ಮಾತಿನ ಬಗ್ಗೆ, ಅಂದರೆ ಎಲ್ಲ ಎಣ್ಣೆಯೂ ಸ್ವಂತ ಗಾಣದ್ದು ಎಂಬುದರ ಬಗ್ಗೆ. ಬರೆಯುವವರಿಗೆ ಇದು ಅಲಂಕಾರದ ಸಾಲು, ಪರೀಕ್ಷಿಸುವವರಿಗೆ ಅತ್ಯಂತ ಸುಲಭದ ಲೆಕ್ಕ. ಕೆಲವು ವರ್ಷಗಳ ಹಿಂದೆ ಇಂತಹದೇ ಒಂದು ಎಣ್ಣೆ ಕಂಪನಿಯ ಕಡತ ನನ್ನ ಮೇಜಿಗೆ ಬಂದಿತ್ತು. ತಿಂಗಳಿಗೆ 5,000 ಲೀಟರ್ ಶೇಂಗಾ ಎಣ್ಣೆ, ಎಲ್ಲವೂ ತಮ್ಮ ಮರದ ಗಾಣದ್ದು ಎಂದಿದ್ದರು. ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಹಾಗಾಗಿ 5,000 ಲೀಟರ್ ಎಂದರೆ 4,550 ಕಿಲೋ. ತಮ್ಮ ಗಾಣದಲ್ಲಿ ನೂರು ಕಿಲೋ ಬೀಜಕ್ಕೆ 40 ಕಿಲೋ ಎಣ್ಣೆ ಇಳಿಯುತ್ತದೆ ಎಂದು ಅವರೇ ಹೇಳಿದ್ದರಿಂದ, ತಿಂಗಳಿಗೆ 11,375 ಕಿಲೋ ಬೀಜ ಬೇಕಿತ್ತು. ಖರೀದಿ ಬಿಲ್ಲುಗಳನ್ನು ಕೂಡಿದರೆ ಸರಾಸರಿ 8,000 ಕಿಲೋ ಮಾತ್ರ ಸಿಕ್ಕಿತು.

ಬಿಲ್ಲು ಇಲ್ಲದೆ ಕೊಂಡಿರಬಹುದಲ್ಲ ಎಂದು ನಾನೂ ಯೋಚಿಸಿದೆ. ಆದ್ದರಿಂದ ಗಾಣಗಳನ್ನು ಲೆಕ್ಕ ಹಾಕಿದೆವು: ಮೂರು ಗಾಣ, ಒಂದು ಸಲಕ್ಕೆ 15 ಕಿಲೋ, ದಿನಕ್ಕೆ ಎಂಟು ಸಲ. ಅಂದರೆ ದಿನಕ್ಕೆ 360 ಕಿಲೋ, ಇಪ್ಪತ್ತೈದು ದಿನಕ್ಕೆ 9,000 ಕಿಲೋ. ಒಂದು ದಿನವೂ ಮೋಟಾರ್ ಕೆಡದೆ, ಕರೆಂಟ್ ಹೋಗದೆ ಓಡಿದರೂ ಆ ಗಾಣಗಳಿಂದ 4,000 ಲೀಟರ್‌ಗಿಂತ ಹೆಚ್ಚು ಬರಲು ಸಾಧ್ಯವಿರಲಿಲ್ಲ. ಹಿಂಡಿ ಮಾರಿದ ಲೆಕ್ಕವೂ 8,000 ಕಿಲೋ ಬೀಜಕ್ಕೇ ಹೊಂದುತ್ತಿತ್ತು. ಹಿಂಡಿಯ ಲೆಕ್ಕವನ್ನು ಯಾರೂ ತಿದ್ದಿ ಬರೆಯುವುದಿಲ್ಲ, ಅದನ್ನು ಯಾರಾದರೂ ನೋಡುತ್ತಾರೆ ಎಂಬುದೇ ಅವರಿಗೆ ಹೊಳೆದಿರುವುದಿಲ್ಲ.

ಕೇಳಿದಾಗ ಮಾಲೀಕರು ಮರೆಮಾಚಲಿಲ್ಲ. ಬೇಡಿಕೆ ಹೆಚ್ಚಾದ ತಿಂಗಳುಗಳಲ್ಲಿ ಪರಿಚಯದ ಮತ್ತೊಂದು ಗಾಣದಿಂದ ಎಣ್ಣೆ ತಂದು ತಮ್ಮ ಡಬ್ಬಕ್ಕೆ ತುಂಬಿಸುತ್ತಿದ್ದರು. ಆ ಎಣ್ಣೆಯೂ ಚೆನ್ನಾಗಿಯೇ ಇತ್ತು, ಅದರ ಬಿಲ್ಲೂ ‘ಇತರೆ ಖರೀದಿ’ ಎಂಬ ತಲೆಬರಹದಡಿ ಇತ್ತು. ಆದರೆ ಯೋಜನೆಯ ಮಾತು ಸುಳ್ಳಾಯಿತು, ಡಬ್ಬದ ಮೇಲಿನ ಮಾತೂ ಸುಳ್ಳಾಯಿತು. ಹೊರಗಿನ ಎಣ್ಣೆಗೆ ಖರ್ಚು ಹೆಚ್ಚಾದ್ದರಿಂದ ಲಾಭಾಂಶದ ಅಂಕಿಯೂ ಬದಲಾಯಿತು. ಕೊನೆಗೆ ಹೂಡಿಕೆ ಆಯಿತು, ಆದರೆ ಎರಡು ಕಂತಿನಲ್ಲಿ. ಹೊಸ ಗಾಣ ಕೂಡಿಸಿದ ಮೇಲೆ ಎರಡನೆಯದು.

ಆದ್ದರಿಂದ ತಿಂಗಳುವಾರು ಒಂದು ಹಾಳೆ ಮಾಡಿ. ಆರಂಭದ ದಾಸ್ತಾನು, ಖರೀದಿಸಿದ ಬೀಜ, ಗಾಣಕ್ಕೆ ಹಾಕಿದ್ದು, ಇಳಿದ ಎಣ್ಣೆ, ಹಿಂಡಿ, ಮಾರಿದ ಎಣ್ಣೆ, ಉಳಿದದ್ದು ಇಷ್ಟಿದ್ದರೆ ಸಾಕು. ಅದರ ಜೊತೆಗೆ ಖರೀದಿ ಬಿಲ್ಲು, ತೂಕದ ಚೀಟಿ, ಕರೆಂಟ್ ಬಿಲ್ಲು ಇರಲಿ.

ಪ್ರಶ್ನೆ ಕೇಳಿದವರು:
ಇಲ್ಲಿಯೇ ನಮ್ಮ ಕಷ್ಟ. ನಾವು ಬೀಜ ಕೊಳ್ಳುವುದಿಲ್ಲ, ಸಿಪ್ಪೆ ಸಮೇತ ಕಾಯಿ ಕೊಂಡು ಸುಲಿಸುತ್ತೇವೆ. ಹೆಚ್ಚಿನ ಭಾಗ ಸುತ್ತಲಿನ ಹಳ್ಳಿಗಳ ರೈತರಿಂದ ನೇರವಾಗಿ, ನಗದಿನಲ್ಲಿ. ರೈತರು ಬಿಲ್ಲು ಕೊಡುವುದಿಲ್ಲ. ನಮ್ಮ ಹತ್ತಿರ ಇರುವುದು ಒಂದು ನೋಟ್‌ಬುಕ್, ಅದರಲ್ಲಿ ಹೆಸರು ಮತ್ತು ಚೀಲದ ಲೆಕ್ಕ.

ದಾವಣಗೆರೆಯ ಚಾರ್ಟರ್ಡ್ ಅಕೌಂಟೆಂಟ್:
ಕಾಯಿಯಾದರೆ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ. ಸಾಮಾನ್ಯವಾಗಿ ನೂರು ಕಿಲೋ ಕಾಯಿಗೆ 70 ಕಿಲೋ ಆಸುಪಾಸಿನಲ್ಲಿ ಬೀಜ ಸಿಗುತ್ತದೆ, ಆದರೆ ಮಳೆ ಕೈಕೊಟ್ಟ ವರ್ಷ ಕಾಯಿ ಜೊಳ್ಳಾಗಿ ಕಡಿಮೆಯಾಗುತ್ತದೆ. ನಿಮ್ಮದೇ ಸರಾಸರಿಯನ್ನು ನಾಲ್ಕೈದು ಲಾಟ್ ತೂಗಿ ಬರೆದಿಡಿ. ಈ ಸಾಲು ಬಿಟ್ಟರೆ ಕಾಯಿಯ ತೂಕವನ್ನೇ ಬೀಜವೆಂದು ಓದಿದವರಿಗೆ ನಿಮ್ಮ ಎಣ್ಣೆಯ ಇಳುವರಿ ಶೇ. 28ರಂತೆ ಕಂಡು, ಉಳಿದ ಎಣ್ಣೆ ಎಲ್ಲಿ ಹೋಯಿತು ಎಂಬ ಬೇರೊಂದು ಪ್ರಶ್ನೆ ಹುಟ್ಟುತ್ತದೆ.

ರೈತರು ಬಿಲ್ಲು ಕೊಡುವುದಿಲ್ಲ ಎಂಬುದು ಸಹಜ, ಖರೀದಿ ವೋಚರನ್ನು ನೀವೇ ಬರೆಯಬೇಕು. ದಿನಾಂಕ, ರೈತರ ಹೆಸರು, ಊರು, ತೂಕ, ದರ, ಮೊತ್ತ, ಅವರ ಸಹಿ ಅಥವಾ ಹೆಬ್ಬೆಟ್ಟು, ಸಾಧ್ಯವಾದರೆ ಪಹಣಿಯ ಪ್ರತಿ. ಬೆಳೆದವರಿಗೇ ನೇರವಾಗಿ ಕೊಟ್ಟ ನಗದಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ, ಆದರೆ ನಡುವಿನ ದಲ್ಲಾಳಿಗೆ ಕೊಟ್ಟದ್ದಕ್ಕೆ ಅದು ಅನ್ವಯಿಸುವುದಿಲ್ಲ. ಪಹಣಿ ಬೇಕಾಗುವುದು ಅದಕ್ಕೇ. ಹಳೆಯ ನೋಟ್‌ಬುಕ್ಕನ್ನು ನೋಡಿ ಈಗ ಕುಳಿತು ಹಿಂದಿನ ದಿನಾಂಕದ ವೋಚರ್‌ಗಳನ್ನು ಬರೆಯಲು ಮಾತ್ರ ಹೋಗಬೇಡಿ. ಒಂದೇ ಪೆನ್ನು, ಒಂದೇ ಕೈಬರಹ, ಮಡಚದ ಹಾಳೆ. ಇದನ್ನು ಗುರುತಿಸಲು ಪರಿಣತಿ ಬೇಕಿಲ್ಲ. ನೋಟ್‌ಬುಕ್ ಇದ್ದಂತೆಯೇ ತೋರಿಸಿ, ಬ್ಯಾಂಕಿನಿಂದ ನಗದು ತೆಗೆದ ದಿನಗಳೊಡನೆ ಅದನ್ನು ಹೊಂದಿಸಿ ಕೊಡಿ, ಇಂತಹ ತಿಂಗಳಿನಿಂದ ವೋಚರ್ ಪದ್ಧತಿ ಶುರುವಾಗಿದೆ ಎಂದು ಬರೆಯಿರಿ.

ಶಿವಮೊಗ್ಗದ ಉದ್ಯಮಿ, ಅಡಿಕೆ ಹಾಳೆ ತಟ್ಟೆ ತಯಾರಕರು:
ನಮ್ಮ ಹೂಡಿಕೆ ನಾಲ್ಕು ತಿಂಗಳು ತಡವಾದದ್ದು ಮಾರಾಟದ ಲೆಕ್ಕದಿಂದಲ್ಲ, ಸ್ನೇಹಿತರ ಹಣದಿಂದ. ಆರಂಭದಲ್ಲಿ ಮೂವರು ಸ್ನೇಹಿತರು ‘ಮುಂದೆ ಷೇರು ಕೊಡು’ ಎಂದು ಕಂಪನಿಯ ಚಾಲ್ತಿ ಖಾತೆಗೆ ಒಟ್ಟು 15 ಲಕ್ಷ ಹಾಕಿದ್ದರು. ನಾವು ಅದನ್ನು ಯಂತ್ರಕ್ಕೆ ಖರ್ಚು ಮಾಡಿ, ಷೇರು ಕೊಡುವುದನ್ನು ಮುಂದಕ್ಕೆ ಹಾಕುತ್ತಾ ಹೋದೆವು. ಯೋಜನೆಯಲ್ಲಿ ಮಾತ್ರ ‘ಸ್ಥಾಪಕರ ಪಾಲು ಶೇ. 100’ ಎಂದು ಬರೆದಿದ್ದೆವು, ಕಾಗದದ ಮೇಲೆ ಅದು ನಿಜವೂ ಆಗಿತ್ತು. ಹೂಡಿಕೆದಾರರ ವಕೀಲರು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಮೂರು ಜಮೆಗಳನ್ನು ಕಂಡು, ಇವರು ಯಾರು ಎಂದು ಕೇಳಿದರು.

ಕಂಪನಿ ಕಾಯ್ದೆಯ ಪ್ರಕಾರ ಖಾಸಗಿಯಾಗಿ ಷೇರಿಗೆಂದು ಪಡೆದ ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು, 60 ದಿನದೊಳಗೆ ಷೇರು ಹಂಚಬೇಕು, ಇಲ್ಲವಾದರೆ ಮುಂದಿನ 15 ದಿನದೊಳಗೆ ಹಿಂತಿರುಗಿಸಬೇಕು, ತಪ್ಪಿದರೆ ಶೇ. 12 ಬಡ್ಡಿ. ಹಂಚಿದ 15 ದಿನದೊಳಗೆ ಹಂಚಿಕೆಯ ವಿವರದ ಪಿಎಎಸ್-3 ನಮೂನೆ ಸಲ್ಲಿಸಬೇಕು, ಅಲ್ಲಿಯವರೆಗೆ ಆ ಹಣವನ್ನು ಮುಟ್ಟುವಂತಿಲ್ಲ. ಇವೆಲ್ಲವನ್ನೂ ನಾವು ಒಂದೊಂದಾಗಿ ಮುರಿದಿದ್ದೆವು. ಬಡ್ಡಿ ಸೇರಿಸಿ ಹಣ ವಾಪಸ್ ಮಾಡಲು ಮನೆಯವರಿಂದ ಸಾಲ ಪಡೆದೆ. ಒಬ್ಬ ಸ್ನೇಹಿತ, ಕಂಪನಿಗೆ ಬೆಲೆ ಬಂದ ಮೇಲೆ ನನಗೆ ಹಣ ಬೇಡ, ಷೇರೇ ಬೇಕು ಎಂದು ಪಟ್ಟು ಹಿಡಿದ. ಅವನ ಮಾತಿನಲ್ಲೂ ನ್ಯಾಯವಿತ್ತು. ನಿಮ್ಮ ಖಾತೆಗೆ ಹೊರಗಿನಿಂದ ಬಂದ ಪ್ರತಿಯೊಂದು ದೊಡ್ಡ ಜಮೆಯ ಎದುರು ಅದು ಸಾಲವೋ, ಷೇರಿನ ಹಣವೋ, ಮಾರಾಟವೋ ಎಂದು ಈಗಲೇ ಬರೆದಿಡಿ.

ಮೈಸೂರಿನವರು:
ಇದೇ ಜಾತಿಯ ಎರಡು ಸಣ್ಣ ವಿಚಾರಗಳನ್ನು ಸೇರಿಸುತ್ತೇನೆ. ಬ್ರ್ಯಾಂಡಿನ ಟ್ರೇಡ್‌ಮಾರ್ಕ್ ಕಂಪನಿಯ ಹೆಸರಿನಲ್ಲಿದೆಯೋ ನಿಮ್ಮಿಬ್ಬರಲ್ಲಿ ಒಬ್ಬರ ಹೆಸರಿನಲ್ಲಿದೆಯೋ ನೋಡಿ. ಅರ್ಜಿ ಮಾತ್ರ ಹಾಕಿದ್ದರೆ ‘ನೋಂದಾಯಿತ’ ಎಂದು ಬರೆಯಬೇಡಿ. ನೋಂದಣಿ ಆಗದೆ ಆ ಗುರುತು ಹಾಕುವುದು ಕಾಯ್ದೆಯಲ್ಲಿ ಅಪರಾಧ. ಎಫ್‌ಎಸ್‌ಎಸ್‌ಎಐ ಪರವಾನಗಿ ಕಂಪನಿಗಿಂತ ಹಿಂದಿನ ಪ್ರೊಪ್ರೈಟರ್ ಹೆಸರಿನಲ್ಲೇ ಉಳಿದಿರುವುದನ್ನೂ ನಾನು ಹಲವು ಬಾರಿ ಕಂಡಿದ್ದೇನೆ.

ಇನ್ನು ಮರುಖರೀದಿ. ಶೇ. 45 ಎಂದರೆ ಯಾವುದರಲ್ಲಿ 45?

ಪ್ರಶ್ನೆ ಕೇಳಿದವರು:
ತಿಂಗಳ ನೂರು ಆರ್ಡರುಗಳಲ್ಲಿ 45 ಹಳೆಯ ಗ್ರಾಹಕರವು. ಅದನ್ನೇ ಬರೆದೆವು.

ಮೈಸೂರಿನವರು:
ಅದು ಆರ್ಡರುಗಳ ಪಾಲು, ಗ್ರಾಹಕರ ಪಾಲಲ್ಲ. ನೀವು ಬರೆದಿರುವುದು ‘ಶೇ. 45 ಗ್ರಾಹಕರು ಮತ್ತೆ ಕೊಳ್ಳುತ್ತಾರೆ’ ಎಂದು. ಪ್ರತಿ ತಿಂಗಳೂ ಐದು ಲೀಟರ್ ಕೊಳ್ಳುವ ಕೆಲವೇ ಮನೆಗಳಿದ್ದರೆ ಮೊದಲನೆಯದು ದೊಡ್ಡದಾಗಿ, ಎರಡನೆಯದು ಚಿಕ್ಕದಾಗಿ ಕಾಣುತ್ತದೆ. ಜನವರಿಯಲ್ಲಿ ಮೊದಲ ಬಾರಿ ಕೊಂಡವರನ್ನು ಮಾತ್ರ ತೆಗೆದುಕೊಳ್ಳಿ. ಅವರಲ್ಲಿ ಎಷ್ಟು ಮಂದಿ ಮುಂದಿನ 90 ದಿನಗಳಲ್ಲಿ ಮತ್ತೆ ಬಂದರು? ಫೆಬ್ರವರಿಯವರಿಗೂ ಮಾರ್ಚ್‌ನವರಿಗೂ ಹೀಗೆಯೇ ಮಾಡಿ. ನಿಮ್ಮ ಮನೆಯವರ, ಕೆಲಸಗಾರರ ಪರೀಕ್ಷಾ ಆರ್ಡರುಗಳನ್ನು ತೆಗೆದುಹಾಕಿ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಿ:
90 ದಿನ ಎಣ್ಣೆಗೆ ಅನ್ಯಾಯ. ಐದು ಲೀಟರ್ ಡಬ್ಬ ಕೊಂಡ ಇಬ್ಬರ ಸಂಸಾರ ಮೂರು ತಿಂಗಳಲ್ಲಿ ಮರಳಿ ಬರಬೇಕಾದ ಅಗತ್ಯವೇ ಇಲ್ಲ. 180 ದಿನ ಇಡಿ.

ಮೈಸೂರಿನವರು:
180 ಇಟ್ಟರೆ ಇತ್ತೀಚಿನ ಆರು ತಿಂಗಳ ಗ್ರಾಹಕರ ಬಗ್ಗೆ ಏನೂ ಹೇಳಲಾಗದು, ಹೂಡಿಕೆದಾರರು ನೋಡಬೇಕೆನ್ನುವುದೇ ಅವರನ್ನು. ಒಂದು ಲೀಟರ್ ಕೊಂಡವರನ್ನೂ ಐದು ಲೀಟರ್ ಕೊಂಡವರನ್ನೂ ಬೇರೆ ಮಾಡಿ ಎರಡೂ ಅವಧಿಯ ಅಂಕಿ ಕೊಡಬಹುದು. ಇದರಲ್ಲಿ ಒಮ್ಮತದ ರೂಢಿಯೊಂದನ್ನು ನಾನು ಕಂಡಿಲ್ಲ. ಒಂದೇ ಮನೆಯವರು ಗಂಡನ ನಂಬರಿನಿಂದ ಒಮ್ಮೆ, ಹೆಂಡತಿಯ ನಂಬರಿನಿಂದ ಇನ್ನೊಮ್ಮೆ ಕೊಂಡರೆ ಏನು ಮಾಡುವುದು ಎಂಬುದಕ್ಕೂ ನನ್ನಲ್ಲಿ ಉತ್ತರವಿಲ್ಲ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಕುಳಿತು ಮಾಡಿದೆವು. ಜನವರಿಯಲ್ಲಿ ಮೊದಲ ಬಾರಿ ಕೊಂಡವರು 160, ಅವರಲ್ಲಿ 90 ದಿನದೊಳಗೆ ಮರಳಿದವರು 44. ಅಂದರೆ ಶೇ. 27.5. ಟ್ರೇಡ್‌ಮಾರ್ಕ್ ನನ್ನ ಯಜಮಾನರ ಹೆಸರಿನಲ್ಲಿದೆ. ಗಾಣದ ಲೆಕ್ಕ ಮಾತ್ರ ಹೊಂದಿತು, ಹೊರಗಿನ ಎಣ್ಣೆ ನಾವು ತಂದಿಲ್ಲ. ಈಗ ತಿದ್ದಿದ ಅಂಕಿಗಳನ್ನು ಅವರು ಕೇಳುವ ಮೊದಲೇ ಕಳಿಸಬೇಕೋ, ಕೇಳಿದಾಗ ಹೇಳಬೇಕೋ? ಯಜಮಾನರು ಕೇಳಿದಾಗ ಹೇಳೋಣ ಎನ್ನುತ್ತಾರೆ.

ಶಿವಮೊಗ್ಗದ ಉದ್ಯಮಿ:
ನಾನು ನಿಮ್ಮ ಯಜಮಾನರ ಪಕ್ಷ. ಕೇಳದ ವಿಚಾರವನ್ನು ಎತ್ತಿಕೊಟ್ಟರೆ ಬೆಲೆ ಇಳಿಸಲು ಅದೇ ನೆಪವಾಗುತ್ತದೆ.

ದಾವಣಗೆರೆಯ ಚಾರ್ಟರ್ಡ್ ಅಕೌಂಟೆಂಟ್:
ಬೆಲೆ ಇಳಿಯಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೊನೆಯಲ್ಲಿ ಸಹಿ ಹಾಕುವ ಷೇರುದಾರರ ಒಪ್ಪಂದದಲ್ಲಿ ‘ನಾವು ಕೊಟ್ಟ ಮಾಹಿತಿಯೆಲ್ಲ ನಿಜ’ ಎಂಬ ಭರವಸೆಗಳ ಭಾಗವಿರುತ್ತದೆ, ಸಾಮಾನ್ಯವಾಗಿ ಕಂಪನಿಯ ಜೊತೆಗೆ ಸ್ಥಾಪಕರೂ ವೈಯಕ್ತಿಕವಾಗಿ ಅದಕ್ಕೆ ಹೊಣೆಯಾಗುತ್ತಾರೆ. ಆ ಭರವಸೆಗೆ ಹೊಂದದ ಸಂಗತಿಗಳನ್ನು ಬರೆದುಕೊಡಲು ಒಂದು ಪ್ರಕಟಣಾ ಪತ್ರವನ್ನು ಲಗತ್ತಿಸುತ್ತಾರೆ. ಅದರಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟದ್ದರ ಬಗ್ಗೆ ನಾಳೆ ಅವರು ನಷ್ಟ ಕೇಳುವುದು ಕಷ್ಟ. ಬರೆಯದೆ ಬಿಟ್ಟದ್ದರ ಬಗ್ಗೆ ಕೇಳಬಹುದು. ಕೇಳಲಿಲ್ಲ, ಅದಕ್ಕೆ ಹೇಳಲಿಲ್ಲ ಎಂಬ ಉತ್ತರ ಅಲ್ಲಿ ನಿಲ್ಲುವುದಿಲ್ಲ.

ಹಳೆಯ ಯೋಜನೆಯನ್ನು ಅಳಿಸಬೇಡಿ, ಅದರ ಪ್ರತಿ ಅವರ ಹತ್ತಿರ ಇದ್ದೇ ಇದೆ. ಒಂದೇ ಪುಟದ ತಿದ್ದುಪಡಿ ಬರೆಯಿರಿ. ಎಡಕ್ಕೆ ಯೋಜನೆಯಲ್ಲಿದ್ದ ಮಾತು ಮತ್ತು ಪುಟಸಂಖ್ಯೆ, ನಡುವೆ ತಿದ್ದಿದ ಅಂಕಿ ಮತ್ತು ಅದನ್ನು ಎಣಿಸಿದ ಬಗೆ, ಬಲಕ್ಕೆ ಆಧಾರವಾದ ಕಡತದ ಹೆಸರು. ಮೇಲೆ ದಿನಾಂಕ ಹಾಕಿ. ಟ್ರೇಡ್‌ಮಾರ್ಕನ್ನು ಯಜಮಾನರಿಂದ ಕಂಪನಿಗೆ ವರ್ಗಾಯಿಸುವ ಪತ್ರವನ್ನು ಈ ವಾರವೇ ವಕೀಲರಿಂದ ಬರೆಸಿ, ಅದರ ಪ್ರತಿಯನ್ನೂ ಸೇರಿಸಿ. ಗಾಣದ ಹಾಳೆಯನ್ನು ಆ ಪುಟದ ಮೊದಲ ಸಾಲಿನಲ್ಲಿಡಿ. ತಿದ್ದದೆ ಉಳಿದ ಮಾತು ಅದೊಂದೇ.